ಓದಿ ಅರ್ಥವಾಯಿತೇ? ಕ್ಲೋಜ್ ಪರೀಕ್ಷೆ ತಯಾರಿಸುವ ಸಮಗ್ರ ಮಾರ್ಗದರ್ಶಿ

ಬರಹದಿಂದ ಕೆಲವು ಪದಗಳನ್ನು ತೆಗೆದು ಓದುಗನಿಂದಲೇ ತುಂಬಿಸುವ ಕ್ಲೋಜ್ ಪರೀಕ್ಷೆಯನ್ನು ಮೊದಲ ಸಲ ನೋಡಿದವರು ಅದನ್ನು ನಮ್ಮ ಹಳೆಯ ‘ಬಿಟ್ಟ ಸ್ಥಳ ತುಂಬಿರಿ’ ಎಂದೇ ತಿಳಿಯುತ್ತಾರೆ. ಎರಡೂ ಬೇರೆ. ಬಿಟ್ಟ ಸ್ಥಳದ ಪ್ರಶ್ನೆಗೆ ಉತ್ತರ ಮಗುವಿನ ನೆನಪಿನಲ್ಲಿರಬೇಕು: ಪಾಠವನ್ನು ಬಾಯಿಪಾಠ ಮಾಡಿದ್ದರೆ ಬರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಕ್ಲೋಜ್ ಪರೀಕ್ಷೆಯಲ್ಲಿ ಉತ್ತರ ಮಗುವಿನ ಕಣ್ಣೆದುರಿನ ಪಠ್ಯದಲ್ಲೇ ಇರುತ್ತದೆ. ಹಿಂದೆ ಮುಂದೆ ಓದಿ, ಇಲ್ಲಿ ಯಾವ ಪದ ಇದ್ದಿರಬೇಕು ಎಂದು ಅದು ಊಹಿಸಬೇಕು. ಹಾಗೆ ಊಹಿಸಬಲ್ಲ ಮಗು ಓದಿದ್ದನ್ನು ಹಿಡಿದುಕೊಂಡಿದೆ ಎಂಬುದೇ ಈ ಅಳತೆಯ ಆಧಾರ.

ಈ ವಿಧಾನವನ್ನು 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಮಂಡಿಸಿದರು. ಅವರ ಉದ್ದೇಶ ಓದುಗರನ್ನು ಅಳೆಯುವುದಾಗಿರಲಿಲ್ಲ, ಬರಹ ಎಷ್ಟು ಸುಲಭ ಎಂದು ಅಳೆಯುವುದಾಗಿತ್ತು. ಕ್ರಮ ಸರಳವಾಗಿತ್ತು: ಎಣಿಸಿ ಎಣಿಸಿ ನಿಗದಿತ ಅಂತರದ ಪದವನ್ನು, ಸಾಮಾನ್ಯವಾಗಿ ಪ್ರತಿ ಐದನೆಯದನ್ನು, ತೆಗೆದು ಒಂದೇ ಅಳತೆಯ ಗೆರೆ ಎಳೆಯುವುದು. ಓದುಗ ಮೂಲ ಪದವನ್ನೇ ಬರೆದರೆ ಅಂಕ. ಸುಮಾರು 250 ಪದಗಳ ಪಠ್ಯ, 50 ಖಾಲಿ ಜಾಗ, ಮೊದಲ ಮತ್ತು ಕೊನೆಯ ವಾಕ್ಯಕ್ಕೆ ಕೈ ಹಚ್ಚದಿರುವುದು ಮುಂದೆ ರೂಢಿಯಾಯಿತು. 1960ರ ದಶಕದಲ್ಲಿ ಜಾನ್ ಬೋರ್ಮತ್ ಇಂಥ ಅಂಕಗಳನ್ನು ಸಾಮಾನ್ಯ ಪ್ರಶ್ನೋತ್ತರ ಪರೀಕ್ಷೆಗಳ ಜೊತೆ ಹೋಲಿಸಿದರು. ಕ್ಲೋಜ್‌ನಲ್ಲಿ ಶೇ. 44 ಬಂದರೆ ಪ್ರಶ್ನೋತ್ತರದಲ್ಲಿ ಶೇ. 75ಕ್ಕೆ ಸಮ, ಶೇ. 57 ಬಂದರೆ ಶೇ. 90ಕ್ಕೆ ಸಮ ಎಂದು ಅವರು ತೋರಿಸಿದರು. ತರಬೇತಿಗಳಲ್ಲಿ ಈ ಸಂಖ್ಯೆಗಳನ್ನು ಹಾಗೆಯೇ ಕನ್ನಡಕ್ಕೂ ಹಚ್ಚುವವರಿದ್ದಾರೆ. ದಯವಿಟ್ಟು ಹಚ್ಚಬೇಡಿ. ಅವು ಇಂಗ್ಲಿಷಿಗೆ, ಪ್ರತಿ ಐದನೆಯ ಪದ ತೆಗೆದ ಪಠ್ಯಕ್ಕೆ, ಮೂಲ ಪದಕ್ಕೆ ಮಾತ್ರ ಅಂಕ ಕೊಡುವ ಲೆಕ್ಕಕ್ಕೆ ಸೇರಿದವು. ಇಂಗ್ಲಿಷಿನಲ್ಲಿ ಐದನೆಯ ಪದ ಎಣಿಸುತ್ತಾ ಹೋದರೆ ವಿಭಕ್ತಿಯ ಕೆಲಸ ಮಾಡುವ ಪುಟ್ಟ ಪದಗಳು ಎಷ್ಟೋ ಸಲ ಸಿಗುತ್ತವೆ, ಅವನ್ನು ತುಂಬುವುದು ಸುಲಭ. ಕನ್ನಡದಲ್ಲಿ ಆ ಕೆಲಸವನ್ನೆಲ್ಲ ಪ್ರತ್ಯಯಗಳು ಮಾಡುತ್ತವೆ. ನಾವು ಒಂದು ಪದ ತೆಗೆದರೆ ಅರ್ಥ, ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಆದ್ದರಿಂದ ಈ ಬರಹದಲ್ಲಿ ಎಣಿಕೆಯ ವಿಧಾನವನ್ನು ಒಮ್ಮೆ ಮಾಡಿ ನೋಡಿ, ಅದು ಎಲ್ಲಿ ಸೋಲುತ್ತದೆ ಎಂದು ಕಂಡುಕೊಂಡು, ಯೋಚಿಸಿ ಆರಿಸಿದ ಪದಗಳನ್ನು ಮಾತ್ರ ತೆಗೆಯುವ ದಾರಿಗೆ ಹೋಗುತ್ತೇನೆ. ನನ್ನ ಕಣ್ಣ ಮುಂದಿರುವುದು ಏಳನೆಯ ತರಗತಿಯ ಆಸುಪಾಸಿನ ಮಕ್ಕಳು.

ಪಠ್ಯ ಆರಿಸುವುದು

ಪಾಠಪುಸ್ತಕದಿಂದ ತೆಗೆದುಕೊಳ್ಳಬೇಡಿ, ಅಲ್ಲಿ ನೆನಪು ಕೆಲಸ ಮಾಡುತ್ತದೆ. ಸುಮಾರು ನೂರು ಪದಗಳ, ಒಂದು ವಾಕ್ಯ ಇನ್ನೊಂದನ್ನು ಹಿಡಿದುಕೊಂಡು ಸಾಗುವ ಬರಹ ಬೇಕು. ಹೋಲಿಕೆ, ಕಾರಣ, ಕೆಲಸದ ಕ್ರಮ ಇರುವ ಪಠ್ಯ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಬರೀ ವರ್ಣನೆಯಲ್ಲಿ ವಾಕ್ಯಗಳು ಒಂದನ್ನೊಂದು ಅವಲಂಬಿಸುವುದಿಲ್ಲ, ಹಾಗಾಗಿ ತೆಗೆಯಲು ಒಳ್ಳೆಯ ಪದಗಳೇ ಸಿಗುವುದಿಲ್ಲ. ಸ್ವತಃ ಬರೆಯುವುದು ಎಲ್ಲಕ್ಕಿಂತ ಉತ್ತಮ. ಬೇಕಾದಾಗ ವಾಕ್ಯವನ್ನು ತಿದ್ದುವ ಹಕ್ಕು ನಮ್ಮಲ್ಲೇ ಉಳಿಯುತ್ತದೆ.

ವಿಷಯದ ಆಯ್ಕೆಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ವಿಶೇಷ ತೊಡಕಿದೆ. ಕಾರವಾರದ ಮಗುವಿನ ಮನೆಯ ಮಾತು ಮೀನು, ದೋಣಿ, ಉಬ್ಬರ. ಶಿರಸಿಯ ಮಗುವಿನದು ಅಡಿಕೆ, ಬೆಟ್ಟ, ತೋಟ. ಅಡಿಕೆಯ ಪಠ್ಯವನ್ನು ಶಿರಸಿಯಲ್ಲಿ ಕೊಟ್ಟರೆ ಮಗು ಓದದೆಯೇ ತುಂಬಿಬಿಡುತ್ತದೆ. ಅಂಕ ಬರುವುದು ಓದಿಗಲ್ಲ, ಅಂಗಳದಲ್ಲಿ ಕಂಡದ್ದಕ್ಕೆ. ಹಾಗಾಗಿ ಕೆಳಗಿನ ಅಡಿಕೆಯ ಪಠ್ಯವನ್ನು ಕರಾವಳಿಯ ಮಕ್ಕಳಿಗೆಂದು ಬರೆದಿದ್ದೇನೆ. ಘಟ್ಟದ ಮೇಲಿನವರಿಗೆ ಒಣಮೀನು ಮಾಡುವ ಬಗೆಯನ್ನೋ ಉಪ್ಪಿನ ಆಗರದ ಕೆಲಸವನ್ನೋ ಕೊಡಬಹುದು.

ಪಠ್ಯ ಹೀಗಿದೆ:

ಶಿರಸಿಯ ಸುತ್ತಲಿನ ತೋಟಗಳಲ್ಲಿ ಒಂದೇ ಮರದ ಅಡಿಕೆ ಎರಡು ಬಗೆಯ ಸರಕಾಗಿ ಮಾರುಕಟ್ಟೆಗೆ ಹೋಗುತ್ತದೆ. ಕಾಯಿ ಹಸಿರಾಗಿರುವಾಗಲೇ ಗೊನೆ ಕೊಯ್ದರೆ ಅದು ಕೆಂಪಡಿಕೆಯಾಗುತ್ತದೆ. ಹಣ್ಣಾಗುವವರೆಗೆ ಮರದಲ್ಲೇ ಬಿಟ್ಟರೆ ಅದು ಚಾಲಿಯಾಗುತ್ತದೆ. ಕೆಂಪಡಿಕೆಯ ಕೆಲಸವನ್ನು ಕೊಯ್ಲಾದ ಕೂಡಲೇ ಆರಂಭಿಸಬೇಕು, ಏಕೆಂದರೆ ಹಸಿ ಕಾಯಿ ಬಹಳ ದಿನ ಕೆಡದೆ ಉಳಿಯುವುದಿಲ್ಲ. ಮೊದಲು ಸಿಪ್ಪೆ ಸುಲಿದು, ಆಮೇಲೆ ದೊಡ್ಡ ಹಂಡೆಯಲ್ಲಿ ಬೇಯಿಸಿ, ಕೊನೆಗೆ ಬಿಸಿಲಿನಲ್ಲಿ ಒಣಗಿಸುತ್ತಾರೆ. ಬೇಯಿಸಿದ ನೀರು ಗಟ್ಟಿಯಾಗಿ ಚೊಗರಾಗುತ್ತದೆ. ಅದೇ ಅಡಿಕೆಗೆ ಬಣ್ಣ ಕೊಡುತ್ತದೆ. ಚಾಲಿಯ ದಾರಿ ಬೇರೆ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಅಂಗಳದಲ್ಲಿ ಹರವಿ ತಿಂಗಳಿಗೂ ಹೆಚ್ಚು ಕಾಲ ಒಣಗಿಸುತ್ತಾರೆ. ಸುಲಿಯುವುದು ಕೊನೆಯ ಕೆಲಸ. ಹೀಗಾಗಿ ಕೆಂಪಡಿಕೆಗೆ ಕೊಯ್ಲಿನ ಹೊತ್ತಿನಲ್ಲಿ ಆಳುಗಳು ಬೇಕು, ಚಾಲಿಗೆ ಬಿಸಿಲು ಬೇಕು. ಆಳು ಸಿಗದ ವರ್ಷ ಅನೇಕರು ಚಾಲಿಯತ್ತ ಹೊರಳುತ್ತಾರೆ. ಆದರೆ ಅಕಾಲದಲ್ಲಿ ಮಳೆ ಬಂದರೆ ಅಂಗಳದ ಅಡಿಕೆ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಯಾವ ದಾರಿ ಹಿಡಿಯಬೇಕೆಂಬುದನ್ನು ಬೆಳೆಗಾರರು ವರ್ಷವರ್ಷವೂ ಯೋಚಿಸಿ ತೀರ್ಮಾನಿಸುತ್ತಾರೆ.

ಶಿರಸಿಯ ಕಡೆ ‘ಕೊನೆ’ ಎನ್ನುವುದನ್ನು ಇಲ್ಲಿ ‘ಗೊನೆ’ ಎಂದು ಬರೆದಿದ್ದೇನೆ. ‘ಕೊನೆಗೆ’, ‘ಕೊನೆಯ’ ಎಂಬ ಪದಗಳೂ ಇದೇ ಪಠ್ಯದಲ್ಲಿರುವಾಗ ಕರಾವಳಿಯ ಮಗು ಅನಗತ್ಯವಾಗಿ ಎಡವಬಾರದು.

ಎಣಿಸಿ ತೆಗೆದರೆ ಏನಾಗುತ್ತದೆ

ಮೊದಲ ಮತ್ತು ಕೊನೆಯ ವಾಕ್ಯ ಬಿಟ್ಟು, ನಡುವಿನ 79 ಪದಗಳಲ್ಲಿ ಪ್ರತಿ ಏಳನೆಯದನ್ನು ತೆಗೆಯೋಣ. ಸಿಗುವ ಹನ್ನೊಂದು ಪದಗಳು ಇವು: ಹಣ್ಣಾಗುವವರೆಗೆ, ಕೊಯ್ಲಾದ, ದಿನ, ದೊಡ್ಡ, ನೀರು, ಚಾಲಿಯ, ತಿಂಗಳಿಗೂ, ಹೀಗಾಗಿ, ಬಿಸಿಲು, ಹೊರಳುತ್ತಾರೆ, ಕಪ್ಪಾಗಿ.

ಇವುಗಳಲ್ಲಿ ‘ದೊಡ್ಡ ಹಂಡೆ’ಯ ‘ದೊಡ್ಡ’ವನ್ನು ಯಾರೂ ಖಚಿತವಾಗಿ ಊಹಿಸಲಾರರು. ತಾಮ್ರದ ಹಂಡೆಯೂ ಆಗಬಹುದು, ಅಗಲವಾದ ಹಂಡೆಯೂ ಆಗಬಹುದು. ‘ತಿಂಗಳಿಗೂ’ ಎಂಬುದು ಪಠ್ಯದ ಬೇರೆಲ್ಲೂ ಸುಳಿವಿಲ್ಲದ ಮಾಹಿತಿ. ಗೊತ್ತಿದ್ದವರು ಬರೆಯುತ್ತಾರೆ, ಗೊತ್ತಿಲ್ಲದವರು ಎಷ್ಟು ಚೆನ್ನಾಗಿ ಓದಿದರೂ ಬರೆಯಲಾರರು. ‘ಬಹಳ ದಿನ’ದಲ್ಲಿ ‘ದಿನ’ವನ್ನು ಪಕ್ಕದ ಪದವೇ ಹೇಳಿಕೊಡುತ್ತದೆ, ಪಠ್ಯ ಓದುವ ಅಗತ್ಯವೇ ಇಲ್ಲ. ‘ಹಣ್ಣಾಗುವವರೆಗೆ’, ‘ಚಾಲಿಯ’, ‘ಹೀಗಾಗಿ’, ‘ಬಿಸಿಲು’ ಮಾತ್ರ ಕೆಲಸಕ್ಕೆ ಬರುವ ಜಾಗಗಳು, ಏಕೆಂದರೆ ಇವನ್ನು ತುಂಬಲು ಹಿಂದಿನ ಅಥವಾ ಮುಂದಿನ ವಾಕ್ಯಕ್ಕೆ ಹೋಗಲೇಬೇಕು.

ಈಗ ಎಣಿಕೆಯನ್ನು ಒಂದು ಪದ ಮೊದಲೇ ಆರಂಭಿಸಿ ನೋಡಿ. ಆಗ ಹೋಗುವುದು ಕೆಂಪಡಿಕೆಯಾಗುತ್ತದೆ, ಕೆಲಸವನ್ನು, ಬಹಳ, ಆಮೇಲೆ, ಬೇಯಿಸಿದ, ಕೊಡುತ್ತದೆ, ಹರವಿ, ಕೆಲಸ, ಚಾಲಿಗೆ, ಚಾಲಿಯತ್ತ, ಅಡಿಕೆ. ಪಠ್ಯ ಅದೇ, ಪರೀಕ್ಷೆ ಪೂರ್ತಿ ಬೇರೆ. 1979ರಲ್ಲಿ ಚಾರ್ಲ್ಸ್ ಆಲ್ಡರ್ಸನ್ ಇದೇ ಆಕ್ಷೇಪ ಎತ್ತಿದ್ದರು: ಯಾವ ಪದದಿಂದ ಎಣಿಸುತ್ತೇವೆ, ಎಷ್ಟನೆಯದನ್ನು ತೆಗೆಯುತ್ತೇವೆ ಎಂಬುದರ ಮೇಲೆ ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದೇ ಬದಲಾಗುತ್ತದೆ. ಐವತ್ತು ಖಾಲಿ ಜಾಗಗಳಿದ್ದರೆ ಒಳ್ಳೆಯವೂ ಕೆಟ್ಟವೂ ಬೆರೆತು ಸ್ವಲ್ಪ ಸರಿದೂಗಬಹುದು. ನಮ್ಮ ತರಗತಿಯ ಚಿಕ್ಕ ಪಠ್ಯಕ್ಕೆ ಆ ಸೌಲಭ್ಯ ಇಲ್ಲ.

ಇನ್ನೂ ಗಂಭೀರವಾದ ಸಂಗತಿ 1982ರಲ್ಲಿ ಹೊರಬಂತು. ತಿಮೊತಿ ಶಾನಹನ್, ಮೈಕೆಲ್ ಕ್ಯಾಮಿಲ್ ಮತ್ತು ಐಲೀನ್ ಟೋಬಿನ್ ಪಠ್ಯದ ವಾಕ್ಯಗಳನ್ನು ಹಿಂದುಮುಂದು ಮಾಡಿ ಓದುಗರಿಗೆ ಕೊಟ್ಟರು. ಎಣಿಸಿ ಪದ ತೆಗೆದ ಪರೀಕ್ಷೆಯಲ್ಲಿ ಅಂಕ ಹೆಚ್ಚುಕಡಿಮೆ ಅಷ್ಟೇ ಬಂತು. ವಾಕ್ಯಗಳ ಕ್ರಮ ಕೆಟ್ಟರೂ ಅಂಕ ಕೆಡದಿದ್ದರೆ, ಆ ಅಂಕ ಇಡೀ ಬರಹ ಅರ್ಥವಾದದ್ದನ್ನು ಹೇಳುತ್ತಿಲ್ಲ. ಒಂದೊಂದು ವಾಕ್ಯದೊಳಗಿನ ಹೊಂದಾಣಿಕೆಯನ್ನಷ್ಟೇ ಹೇಳುತ್ತಿದೆ. ಖಾಲಿ ಜಾಗಗಳನ್ನು ನಾವೇ ಆರಿಸಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಯಾವ ಪದ ತೆಗೆಯಬೇಕು

ಪ್ರತಿ ಪದಕ್ಕೂ ಒಂದೇ ಪ್ರಶ್ನೆ ಕೇಳಿ: ಈ ವಾಕ್ಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಕಾಗದದಿಂದ ಮುಚ್ಚಿದರೆ, ಖಾಲಿ ಜಾಗವನ್ನು ತುಂಬಬಹುದೇ? ತುಂಬಬಹುದಾದರೆ ಆ ಪದವನ್ನು ತೆಗೆಯಬೇಡಿ. ಮುಚ್ಚಿದಾಗ ತುಂಬಲಾಗದೆ, ಕಾಗದ ಸರಿಸಿದ ಕೂಡಲೇ ತುಂಬಬಹುದಾದರೆ ಅದೇ ನಿಮಗೆ ಬೇಕಾದ ಜಾಗ.

ನಮ್ಮ ಪಠ್ಯದಲ್ಲಿ ‘ಅಕಾಲದಲ್ಲಿ ____ ಬಂದರೆ’ ಎಂದು ‘ಮಳೆ’ಯನ್ನು ತೆಗೆಯುವ ಆಸೆ ಹುಟ್ಟುತ್ತದೆ. ಮುಚ್ಚಿ ನೋಡಿದರೆ ಕರಾವಳಿಯ ಯಾವ ಮಗುವೂ ಮಳೆ ಎಂದೇ ಬರೆಯುತ್ತದೆ. ಬೇಡ. ‘ಅನೇಕರು ____ ಹೊರಳುತ್ತಾರೆ’ ಎಂಬಲ್ಲಿ ‘ಚಾಲಿಯತ್ತ’ವನ್ನು ತೆಗೆದು ಮುಚ್ಚಿ ನೋಡಿ. ಕೆಂಪಡಿಕೆಯತ್ತಲೋ ಚಾಲಿಯತ್ತಲೋ ಪಟ್ಟಣದತ್ತಲೋ ತಿಳಿಯುವುದಿಲ್ಲ. ಆಳು ಬೇಕಾಗುವುದು ಕೆಂಪಡಿಕೆಗೆ ಎಂದು ಹಿಂದಿನ ವಾಕ್ಯ ಹೇಳಿದೆ, ಆಳು ಸಿಗುತ್ತಿಲ್ಲ ಎಂದು ಈ ವಾಕ್ಯ ಹೇಳುತ್ತಿದೆ; ಎರಡನ್ನೂ ಕೂಡಿಸಿದ ಮಗು ಮಾತ್ರ ‘ಚಾಲಿಯತ್ತ’ ಎಂದು ಬರೆಯುತ್ತದೆ. ಇದರ ತಪ್ಪು ಉತ್ತರವೂ ಉಪಯುಕ್ತ. ‘ಕೆಂಪಡಿಕೆಯತ್ತ’ ಎಂದು ಬರೆದ ಮಗುವಿಗೆ ವ್ಯಾಕರಣ ಗೊತ್ತು, ಪಠ್ಯದಲ್ಲಿ ಎರಡು ಬಗೆಯ ಅಡಿಕೆ ಇದೆ ಎಂಬುದೂ ಗೊತ್ತು, ಆದರೆ ತರ್ಕದ ಕೊಂಡಿ ತಪ್ಪಿದೆ ಎಂದು ನಮಗೆ ತಿಳಿಯುತ್ತದೆ.

ಹೀಗೆ ಸೋಸಿದಾಗ ನನಗೆ ಉಳಿದದ್ದು ಏಳು ಪದ: ಹಣ್ಣಾಗುವವರೆಗೆ, ಏಕೆಂದರೆ, ಬೇಯಿಸಿ, ಚಾಲಿಯ, ಸುಲಿಯುವುದು, ಬಿಸಿಲು, ಚಾಲಿಯತ್ತ. ‘ಏಕೆಂದರೆ’ ಈ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ, ಅದನ್ನು ಒಂದೇ ವಾಕ್ಯದೊಳಗೆ ತುಂಬಬಹುದು. ಅದನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ. ವಾಕ್ಯದೊಳಗೆ ಓದಬಲ್ಲ ಮಗು ಯಾವುದು, ಅದನ್ನೂ ಓದಲಾರದ ಮಗು ಯಾವುದು ಎಂದು ಬೇರ್ಪಡಿಸಲು ಇಂಥ ಒಂದೆರಡು ಬೇಕು. ‘ಬೇಯಿಸಿ’ ಎಂಬುದಕ್ಕೆ ಸುಳಿವು ಮುಂದಿನ ವಾಕ್ಯದಲ್ಲಿದೆ. ಖಾಲಿ ಜಾಗ ಸಿಕ್ಕಲ್ಲೇ ನಿಂತುಬಿಡುವ ಮಗು ‘ತೊಳೆದು’ ಎಂದೋ ‘ನೆನೆಸಿ’ ಎಂದೋ ಬರೆದು ಸಿಕ್ಕಿಬೀಳುತ್ತದೆ. ‘ಹೀಗಾಗಿ’ಯೂ ಒಳ್ಳೆಯ ಪದವೇ, ಆದರೆ ‘ಸುಲಿಯುವುದು’ ಅದಕ್ಕೆ ತೀರ ಹತ್ತಿರದಲ್ಲಿದೆ. ಎರಡು ಖಾಲಿ ಜಾಗಗಳ ನಡುವೆ ಕನಿಷ್ಠ ಐದು ಪದಗಳಾದರೂ ಉಳಿಯಬೇಕು. ಇಲ್ಲದಿದ್ದರೆ ಒಂದು ತಪ್ಪಿದ ಮಗು ಎರಡನೆಯದನ್ನೂ ತಪ್ಪುತ್ತದೆ, ಒಂದೇ ತಪ್ಪಿಗೆ ಎರಡು ಸಲ ಅಂಕ ಹೋಗುತ್ತದೆ.

ಪಠ್ಯದ ಮುಖ್ಯ ಹೆಸರು ಮೊದಲ ಸಲ ಬಂದಲ್ಲಿ ಅದನ್ನು ತೆಗೆಯಬಾರದು. ‘ಚಾಲಿ’ ಮೂರನೆಯ ವಾಕ್ಯದಲ್ಲಿ ಮುದ್ರಿತವಾಗಿ ಉಳಿದಿರುವುದರಿಂದಲೇ ಮುಂದೆ ಅದನ್ನು ಎರಡು ಕಡೆ ಕೇಳಲು ಸಾಧ್ಯವಾಗಿದೆ. ಊರಿನ ಹೆಸರು, ಸಂಖ್ಯೆ, ಇಸವಿಗಳನ್ನು ಮುಟ್ಟಬೇಡಿ.

ದೊಡ್ಡವರಿಗೆ ಕೊಟ್ಟು ನೋಡುವುದು

ಮಕ್ಕಳಿಗೆ ಕೊಡುವ ಮೊದಲು ಚೆನ್ನಾಗಿ ಓದಬಲ್ಲ ನಾಲ್ಕೈದು ಜನ ದೊಡ್ಡವರಿಗೆ ಕೊಡಿ. ಅವರೇ ಬೇರೆ ಬೇರೆ ಉತ್ತರ ಬರೆದರೆ ತಪ್ಪು ಅವರದಲ್ಲ, ಜಾಗದ್ದು. ಈ ಪಠ್ಯದಲ್ಲಿ ಹಾಗೆ ಸೋರುವ ಜಾಗಗಳು ಎರಡು.

‘____ ಕೊನೆಯ ಕೆಲಸ’ ಎಂಬಲ್ಲಿ ‘ಸುಲಿಯುವುದು’ ಬರಬೇಕು. ಆದರೆ ‘ಮಾರುವುದು ಕೊನೆಯ ಕೆಲಸ’ ಎಂದರೂ ತಪ್ಪಲ್ಲ. ಹಾಗಾಗಿ ವಾಕ್ಯವನ್ನೇ ‘ಸುಲಿಯುವ ಕೆಲಸ ____ ಬರುತ್ತದೆ’ ಎಂದು ತಿದ್ದಬೇಕು. ಈಗ ಕೊನೆಗೆ, ಆಮೇಲೆ, ನಂತರ, ಯಾವುದಾದರೂ ಸರಿ. ‘ಮೊದಲು’ ಎಂದು ಬರೆದ ಮಗು ಕೆಂಪಡಿಕೆಯ ಕ್ರಮವನ್ನೇ ಚಾಲಿಗೂ ಹಚ್ಚಿದೆ, ‘ಸಿಪ್ಪೆಸಹಿತ’ ಎಂಬುದನ್ನು ಗಮನಿಸಿಲ್ಲ ಎಂದು ಗೊತ್ತಾಗುತ್ತದೆ.

ಎರಡನೆಯದು ‘____ ಮರದಲ್ಲೇ ಬಿಟ್ಟರೆ’. ಇಲ್ಲಿ ‘ಹಾಗೆಯೇ’ ಎಂದು ಬರೆದರೂ ಅರ್ಥ ಕೂಡುತ್ತದೆ, ಆದರೆ ಹಸಿರು ಮತ್ತು ಹಣ್ಣಿನ ವ್ಯತ್ಯಾಸ ಹೊಳೆದಿದೆಯೇ ಎಂದು ತಿಳಿಯುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಒಂದು ಅನುಕೂಲವಿದೆ: ಪ್ರತ್ಯಯವನ್ನು ಮುದ್ರಿಸಿಯೇ ಇಟ್ಟು ಹಿಂದಿನ ಭಾಗವನ್ನಷ್ಟೇ ತೆಗೆಯಬಹುದು. ‘____ವರೆಗೆ ಮರದಲ್ಲೇ ಬಿಟ್ಟರೆ’ ಎಂದಾಗ ‘ಹಾಗೆಯೇ’ ಕೂರುವುದಿಲ್ಲ. ಹಣ್ಣಾಗುವ, ಮಾಗುವ ಎಂಬಂಥವೇ ಕೂರುತ್ತವೆ. ಪ್ರತ್ಯಯ ಉಳಿಸಿದರೆ ವ್ಯಾಕರಣದ ಹೊರೆ ಇಳಿದು ಅರ್ಥದ ಪರೀಕ್ಷೆಯಾಗುತ್ತದೆ. ತಿರುಗಿಸಿ, ‘ಚಾಲಿ____ ಹೊರಳುತ್ತಾರೆ’ ಎಂದು ಪ್ರತ್ಯಯವನ್ನಷ್ಟೇ ತೆಗೆದರೆ ಅದು ವಿಭಕ್ತಿಯ ಪರೀಕ್ಷೆಯಾಗುತ್ತದೆ, ಗ್ರಹಿಕೆಯದ್ದಲ್ಲ.

ತಿದ್ದಿದ ಮೇಲೆ ನಡುವಿನ ಭಾಗ ಹೀಗೆ ನಿಲ್ಲುತ್ತದೆ:

ಕಾಯಿ ಹಸಿರಾಗಿರುವಾಗಲೇ ಗೊನೆ ಕೊಯ್ದರೆ ಅದು ಕೆಂಪಡಿಕೆಯಾಗುತ್ತದೆ. (1) ________ವರೆಗೆ ಮರದಲ್ಲೇ ಬಿಟ್ಟರೆ ಅದು ಚಾಲಿಯಾಗುತ್ತದೆ. ಕೆಂಪಡಿಕೆಯ ಕೆಲಸವನ್ನು ಕೊಯ್ಲಾದ ಕೂಡಲೇ ಆರಂಭಿಸಬೇಕು, (2) ________ ಹಸಿ ಕಾಯಿ ಬಹಳ ದಿನ ಕೆಡದೆ ಉಳಿಯುವುದಿಲ್ಲ. ಮೊದಲು ಸಿಪ್ಪೆ ಸುಲಿದು, ಆಮೇಲೆ ದೊಡ್ಡ ಹಂಡೆಯಲ್ಲಿ (3) ________, ಕೊನೆಗೆ ಬಿಸಿಲಿನಲ್ಲಿ ಒಣಗಿಸುತ್ತಾರೆ. ಬೇಯಿಸಿದ ನೀರು ಗಟ್ಟಿಯಾಗಿ ಚೊಗರಾಗುತ್ತದೆ. ಅದೇ ಅಡಿಕೆಗೆ ಬಣ್ಣ ಕೊಡುತ್ತದೆ. (4) ________ ದಾರಿ ಬೇರೆ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಅಂಗಳದಲ್ಲಿ ಹರವಿ ತಿಂಗಳಿಗೂ ಹೆಚ್ಚು ಕಾಲ ಒಣಗಿಸುತ್ತಾರೆ. ಸುಲಿಯುವ ಕೆಲಸ (5) ________ ಬರುತ್ತದೆ. ಹೀಗಾಗಿ ಕೆಂಪಡಿಕೆಗೆ ಕೊಯ್ಲಿನ ಹೊತ್ತಿನಲ್ಲಿ ಆಳುಗಳು ಬೇಕು, ಚಾಲಿಗೆ (6) ________ ಬೇಕು. ಆಳು ಸಿಗದ ವರ್ಷ ಅನೇಕರು (7) ________ ಹೊರಳುತ್ತಾರೆ. ಆದರೆ ಅಕಾಲದಲ್ಲಿ ಮಳೆ ಬಂದರೆ ಅಂಗಳದ ಅಡಿಕೆ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ.

ಗೆರೆಗಳೆಲ್ಲ ಒಂದೇ ಉದ್ದವಿರಲಿ, ಉದ್ದವೇ ಸುಳಿವಾಗಬಾರದು. ಮೊದಲು ಇಡೀ ಪಠ್ಯವನ್ನು ಏನೂ ಬರೆಯದೆ ಒಮ್ಮೆ ಓದಲು ಹೇಳಿ. ಅವಸರ ಮಾಡಬೇಡಿ, ವೇಗವನ್ನು ಅಳೆಯುವುದು ಇದರ ಕೆಲಸವಲ್ಲ. ಪದಗಳ ಪಟ್ಟಿಯನ್ನು ಕೆಳಗೆ ಕೊಡುವುದಾದರೆ ಪರೀಕ್ಷೆ ತುಂಬ ಸುಲಭವಾಗುತ್ತದೆ, ಕೊನೆಯ ಒಂದೆರಡು ಜಾಗಗಳು ಉಳಿದ ಪದಗಳಿಂದ ತಾವಾಗಿಯೇ ತುಂಬುತ್ತವೆ ಎಂಬುದು ನೆನಪಿರಲಿ.

ಅಂಕ ಕೊಡುವುದು

ಮೂಲ ಪದಕ್ಕೆ ಮಾತ್ರ ಅಂಕ ಎಂಬ ನಿಯಮ ಎಣಿಸಿ ತೆಗೆದ ಉದ್ದ ಪಠ್ಯಕ್ಕೆ ನಡೆಯುತ್ತದೆ. ನಮ್ಮದಕ್ಕೆ ಒಪ್ಪುವ ಉತ್ತರಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಎರಡನೆಯ ಜಾಗಕ್ಕೆ ಏಕೆಂದರೆ, ಯಾಕೆಂದರೆ, ಇಲ್ಲದಿದ್ದರೆ. ನಾಲ್ಕನೆಯದಕ್ಕೆ ಚಾಲಿಯ, ಚಾಲಿ ಅಡಿಕೆಯ. ಆರನೆಯದಕ್ಕೆ ಬಿಸಿಲು, ಸಮಯ, ಕಾಲ. ಏಳನೆಯದಕ್ಕೆ ಚಾಲಿಯತ್ತ, ಚಾಲಿಗೆ, ಚಾಲಿಯ ಕಡೆಗೆ. ಪಟ್ಟಿಯಲ್ಲಿಲ್ಲದ ಒಳ್ಳೆಯ ಉತ್ತರ ಬಂದರೆ ಪಟ್ಟಿಗೆ ಸೇರಿಸಿ, ಆಗಲೇ ತಿದ್ದಿದ ಹಾಳೆಗಳನ್ನೂ ಮತ್ತೆ ನೋಡಿ.

ಕಾರವಾರದ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ. ಅರ್ಥ ಹಿಡಿದೂ ವಿಭಕ್ತಿ ತಪ್ಪುವುದುಂಟು. ಹಾಗಾಗಿ ಎರಡು ಕಾಲಂ ಹಾಕಿಕೊಳ್ಳಿ, ಒಂದು ಅರ್ಥಕ್ಕೆ, ಒಂದು ರೂಪಕ್ಕೆ. ಇಂಥ ಎರಡು ಹಾಳೆಗಳು ಬಂದಿವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ: ಹಣ್ಣಾಗುವ, ಯಾಕೆಂದರೆ, ಬೇಯಿಸಿ, ಚಾಲಿಯ, ನಂತರ, ಸಮಯ, ಚಾಲಿಯನ್ನು. ಇದಕ್ಕೆ ಅರ್ಥದಲ್ಲಿ ಏಳಕ್ಕೆ ಏಳು, ರೂಪದಲ್ಲಿ ಆರು. ಈ ಮಗುವಿಗೆ ಓದಿದ್ದು ಅರ್ಥವಾಗಿದೆ, ಕಲಿಸಬೇಕಾದದ್ದು ವಿಭಕ್ತಿ. ಇನ್ನೊಂದರಲ್ಲಿ: ಒಣಗುವ, ಏಕೆಂದರೆ, ಬೇಯಿಸಿ, ಕೆಂಪಡಿಕೆಯ, ಮೊದಲು, ನೀರು, ಕೆಂಪಡಿಕೆಯತ್ತ. ರೂಪದಲ್ಲಿ ಒಂದೂ ತಪ್ಪಿಲ್ಲ, ಬರವಣಿಗೆ ಶುದ್ಧ. ಅರ್ಥದಲ್ಲಿ ಏಳಕ್ಕೆ ಎರಡು. ಸರಿಯಾದ ಎರಡೂ ಪಕ್ಕದಲ್ಲೇ ಸುಳಿವಿದ್ದ ಜಾಗಗಳು. ತಪ್ಪಿದ ಐದೂ ವಾಕ್ಯಗಳನ್ನು ಕೂಡಿಸಬೇಕಾದವು. ಗಟ್ಟಿಯಾಗಿ ಓದಿಸಿದರೆ ಈ ಎರಡನೆಯ ಮಗು ತರಗತಿಯ ಒಳ್ಳೆಯ ಓದುಗನಂತೆ ಕೇಳಿಸಬಹುದು, ಅದಕ್ಕೇ ಈ ಹಾಳೆ ಬೇಕಾಗುವುದು.

ಆದರೆ ಏಳು ಜಾಗಗಳಿಂದ ಒಂದು ಮಗುವಿನ ಬಗ್ಗೆ ತೀರ್ಪು ಕೊಡಬಾರದು. ಒಂದೆರಡು ಅದೃಷ್ಟದ ಊಹೆಗಳೇ ಅಂಕವನ್ನು ತಿರುಗಿಸಿಬಿಡುತ್ತವೆ. ಬೇರೆ ಬೇರೆ ವಿಷಯದ ನಾಲ್ಕೈದು ಪಠ್ಯಗಳನ್ನು ಕೆಲವು ದಿನಗಳ ಅಂತರದಲ್ಲಿ ಕೊಟ್ಟು, ಮೂವತ್ತಕ್ಕಿಂತ ಹೆಚ್ಚು ಜಾಗಗಳಾದ ಮೇಲೆ ಒಟ್ಟುಗೂಡಿಸಿ. ಎಷ್ಟು ಬಂದರೆ ಸಾಕು ಎಂಬುದಕ್ಕೆ ಹೊರಗಿನ ಸಂಖ್ಯೆ ಬೇಡ: ಅದೇ ಪಠ್ಯದ ಮೇಲೆ ಕೆಲವು ಮಕ್ಕಳನ್ನು ಕೂರಿಸಿಕೊಂಡು ಬಾಯಿಮಾತಿನಲ್ಲಿ ಪ್ರಶ್ನೆ ಕೇಳಿ, ಯಾರಿಗೆ ನಿಜಕ್ಕೂ ಅರ್ಥವಾಗಿದೆಯೋ ಅವರ ಅಂಕ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿ ಗೆರೆ ಎಳೆಯಿರಿ.

ಹಾಳೆಗಳನ್ನು ತಿದ್ದಿ ಮುಗಿಸಿದ ಮೇಲೆ ಪ್ರತಿ ಜಾಗವನ್ನೂ ಪರೀಕ್ಷಿಸಿ. ಒಟ್ಟು ಅಂಕದಲ್ಲಿ ಮುಂದಿರುವ ಮಕ್ಕಳೇ ತಪ್ಪಿ, ಹಿಂದಿರುವವರು ಸರಿ ಬರೆದ ಜಾಗವಿದ್ದರೆ ಅಲ್ಲಿ ಪಠ್ಯದಲ್ಲೇ ಏನೋ ದಾರಿ ತಪ್ಪಿಸುತ್ತಿದೆ. ಅದರ ಅಂಕವನ್ನು ಎಲ್ಲರಿಗೂ ಕೈಬಿಡಿ. ಎಲ್ಲರೂ ಸರಿ ಬರೆದದ್ದು ಏನನ್ನೂ ಬೇರ್ಪಡಿಸುವುದಿಲ್ಲ. ಆರನೆಯ ಜಾಗದ ಬಗ್ಗೆ ನನಗೆ ಈಗಲೂ ಸ್ವಲ್ಪ ಅನುಮಾನವಿದೆ, ಅಡಿಕೆ ಬೆಳೆಯುವ ಸಂಬಂಧಿಕರ ಮನೆಗೆ ಹೋಗಿಬಂದ ಮಗು ಅದನ್ನು ಓದದೆಯೂ ತುಂಬಬಹುದು. ಇದನ್ನು ಪರೀಕ್ಷಿಸಲು ಆ ವಾಕ್ಯವನ್ನೊಂದೇ ಚೀಟಿಯಲ್ಲಿ ಬರೆದು ಪಕ್ಕದ ತರಗತಿಯ ಮಕ್ಕಳಿಗೆ ಕೊಡಿ. ಪಠ್ಯ ನೋಡದ ಅವರಲ್ಲಿ ಹೆಚ್ಚಿನವರು ‘ಬಿಸಿಲು’ ಎಂದೇ ಬರೆದರೆ ಆ ಪದವನ್ನು ಮತ್ತೆ ಪಠ್ಯಕ್ಕೆ ಸೇರಿಸಿ, ಬದಲಿಗೆ ‘ಹೀಗಾಗಿ’ಯನ್ನು ತೆಗೆಯಿರಿ. ಐದನೆಯ ಜಾಗಕ್ಕೆ ಅದು ತೀರ ಹತ್ತಿರವಾಗುವುದರಿಂದ ನಡುವೆ ಚಾಲಿಯ ಬಗ್ಗೆ ಒಂದು ಪುಟ್ಟ ವಾಕ್ಯ ಸೇರಿಸಬೇಕಾಗುತ್ತದೆ.